ಒಂದು ರೂಪಾಯಿಗೆ ಹಾಕಿದ ಪಿನ್: ಆಟೋಪೇ ಮ್ಯಾಂಡೇಟ್ ಒಂದರ ಪ್ರಕರಣ ಅಧ್ಯಯನ

ಗುರುತು ಸಿಗದಂತೆ ಇಲ್ಲಿ ಗ್ರಾಹಕಿಯ ಹೆಸರು, ಊರು, ಬ್ಯಾಂಕು, ಆ್ಯಪ್ ಯಾವುದನ್ನೂ ಕೊಟ್ಟಿಲ್ಲ. ಕಳೆದುಕೊಂಡ ಹಣ ಸಾವಿರ ರೂಪಾಯಿಗಿಂತ ಕಡಿಮೆ. ಆದರೂ ಇದನ್ನು ಪೂರ್ತಿಯಾಗಿ ದಾಖಲಿಸಲು ಕಾರಣವಿದೆ. ಖಾತೆಯಿಂದ ತಾನಾಗಿ ಹಣ ಕಡಿತವಾಗುವುದನ್ನು ನಿಲ್ಲಿಸಲು ಜನ ಸಾಮಾನ್ಯವಾಗಿ ಏನೇನು ಮಾಡುತ್ತಾರೋ ಅದನ್ನೆಲ್ಲ ಈ ಗ್ರಾಹಕಿಯೂ ಮಾಡಿದರು. ಮೂರು ತಿಂಗಳ ಕಾಲ ಅದರಲ್ಲಿ ಒಂದೂ ಫಲಿಸಲಿಲ್ಲ.

ಹಿನ್ನೆಲೆ

ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡುವ, ಐವತ್ತರ ಆಸುಪಾಸಿನ ಮಹಿಳೆ. ಬ್ಲೌಸ್, ಫಾಲ್, ಜಿಗ್‌ಜಾಗ್ ಕೆಲಸದ ಹಣವೆಲ್ಲ ಯುಪಿಐ ಮೂಲಕವೇ ಅವರ ಉಳಿತಾಯ ಖಾತೆಗೆ ಬೀಳುತ್ತದೆ. 2025ರ ಜನವರಿ 6ರಂದು ಎರಡೆರಡು ನಿಮಿಷದ ಕಂತುಗಳಲ್ಲಿ ಧಾರಾವಾಹಿ ತೋರಿಸುವ ಆ್ಯಪೊಂದನ್ನು ಹಾಕಿಕೊಂಡರು. ಏಳೆಂಟು ಕಂತು ಪುಕ್ಕಟೆ, ಆಮೇಲೆ ಬೀಗ. ಬೀಗದ ಮೇಲೆ ದೊಡ್ಡ ಅಕ್ಷರದಲ್ಲಿ ‘₹1ಕ್ಕೆ 3 ದಿನ’ ಎಂದಿತ್ತು. ಅದನ್ನು ಒತ್ತಿದರು. ಯುಪಿಐ ಆ್ಯಪ್ ತೆರೆದುಕೊಂಡಿತು, ಪಿನ್ ಹಾಕಿದರು, ಒಂದು ರೂಪಾಯಿ ಹೋಯಿತು.

ಅವರ ಲೆಕ್ಕದಲ್ಲಿ ಅದು ಒಂದು ರೂಪಾಯಿಯ ಪಾವತಿ. ಬ್ಯಾಂಕಿನ ಲೆಕ್ಕದಲ್ಲಿ ಎರಡು ಕೆಲಸ ಒಟ್ಟಿಗೆ ನಡೆದಿದ್ದವು. ಒಂದು ರೂಪಾಯಿಯ ಮೊದಲ ಕಡಿತ ಒಂದು, ಮುಂದಿನ ಕಡಿತಗಳಿಗೆ ಮುಂಗಡ ಒಪ್ಪಿಗೆ ಇನ್ನೊಂದು. ಆ ಒಪ್ಪಿಗೆಯೇ ಮ್ಯಾಂಡೇಟ್. ನೋಂದಣಿಗೂ ಮೊದಲ ಪಾವತಿಗೂ ಒಂದೇ ಪಿನ್ ಸಾಕು ಎಂಬುದು ನಿಯಮದಲ್ಲೇ ಇರುವ ಅವಕಾಶ.

ಈ ನಿಯಮದ ಹಿನ್ನೆಲೆ ಗೊತ್ತಿದ್ದರೆ ಮುಂದಿನದು ಸುಲಭ. ಚಂದಾ ಪಾವತಿಗಳಿಗಾಗಿ ರಿಸರ್ವ್ ಬ್ಯಾಂಕ್ 2019ರ ಆಗಸ್ಟ್‌ನಲ್ಲಿ ಮೊದಲು ಕಾರ್ಡುಗಳಿಗೆ ಇ-ಮ್ಯಾಂಡೇಟ್ ಚೌಕಟ್ಟು ತಂದಿತು, 2020ರ ಜನವರಿಯಲ್ಲಿ ಅದನ್ನು ಯುಪಿಐಗೂ ವಿಸ್ತರಿಸಿತು. ಅದೇ ವರ್ಷ ಜುಲೈನಲ್ಲಿ, ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ಇದೇ ಚೌಕಟ್ಟಿನ ಮೇಲೆ ಯುಪಿಐ ಆಟೋಪೇ ಆರಂಭಿಸಿತು. ಚೌಕಟ್ಟಿನ ತಿರುಳು ಇಷ್ಟು: ಒಪ್ಪಿಗೆ ಕೊಡುವಾಗ ಗ್ರಾಹಕರು ಒಮ್ಮೆ ಪಿನ್ ಅಥವಾ ಒಟಿಪಿ ಹಾಕಬೇಕು. ಆಮೇಲೆ ನಿಗದಿತ ಮಿತಿಯೊಳಗಿನ ಕಡಿತಕ್ಕೆ ಮತ್ತೆ ಕೇಳಬೇಕಾಗಿಲ್ಲ, ಆದರೆ ಪ್ರತಿ ಕಡಿತಕ್ಕೂ ಕನಿಷ್ಠ 24 ಗಂಟೆ ಮೊದಲು ತಿಳಿಸಬೇಕು. ಆ ಮಿತಿ ಮೊದಲು ₹2,000 ಇತ್ತು, ಆಮೇಲೆ ₹5,000 ಆಯಿತು, 2022ರ ಜೂನ್‌ನಿಂದ ₹15,000 ಆಗಿದೆ. ಮ್ಯೂಚುವಲ್ ಫಂಡ್, ವಿಮಾ ಕಂತು ಮತ್ತು ಕ್ರೆಡಿಟ್ ಕಾರ್ಡ್ ಬಿಲ್‌ಗಳಿಗೆ ಮಾತ್ರ 2023ರ ಡಿಸೆಂಬರ್‌ನಲ್ಲಿ ₹1 ಲಕ್ಷಕ್ಕೆ ಏರಿಸಲಾಯಿತು.

ಒಪ್ಪಿಗೆಯ ಪರದೆಯಲ್ಲಿ ಏನಿತ್ತು

ಆ ದಿನ ಗ್ರಾಹಕಿಯ ಮುಂದೆ ಬಂದ ಪರದೆಯ ವಿವರಗಳನ್ನು, ಆಮೇಲೆ ಮ್ಯಾಂಡೇಟ್ ಪಟ್ಟಿಯಿಂದ ತೆಗೆದು ನೋಡಿದಾಗ, ಒಟ್ಟು ನಾಲ್ಕು ಸಾಲು ಸಿಕ್ಕವು. ಪ್ರಕರಣದ ಜೀವಾಳ ಇರುವುದು ಇಲ್ಲೇ, ಹಾಗಾಗಿ ಒಂದೊಂದನ್ನೂ ಬಿಡಿಸಿ ನೋಡಬೇಕು.

ಮೊದಲನೆಯದು ಮೊತ್ತ. ಅಲ್ಲಿ ಇದ್ದದ್ದು `Up to ₹999`. ಮ್ಯಾಂಡೇಟಿನಲ್ಲಿ ಮೊತ್ತವನ್ನು ಎರಡು ಬಗೆಯಲ್ಲಿ ಬರೆಯಬಹುದು. ಪ್ರತಿ ಸಲ ಇಷ್ಟೇ ಎಂದು ಗಟ್ಟಿಯಾಗಿ ಬರೆಯುವುದು ಒಂದು ಬಗೆ, ಇಷ್ಟರೊಳಗೆ ಎಷ್ಟಾದರೂ ಎಂದು ಬರೆಯುವುದು ಇನ್ನೊಂದು. ಆ್ಯಪಿನ ಜಾಹೀರಾತು ಹೇಳಿದ್ದು ‘ಪ್ರಯೋಗದ ನಂತರ ತಿಂಗಳಿಗೆ ₹299’. ಆದರೆ ಗ್ರಾಹಕಿ ಪಿನ್ ಹಾಕಿ ಒಪ್ಪಿದ್ದು ₹299ಕ್ಕೆ ಅಲ್ಲ, ₹999ರವರೆಗಿನ ಯಾವುದೇ ಮೊತ್ತಕ್ಕೆ. ವಿದ್ಯುತ್ ಬಿಲ್‌ನಂತೆ ತಿಂಗಳಿಂದ ತಿಂಗಳಿಗೆ ಬದಲಾಗುವ ಪಾವತಿಗೆ ಗರಿಷ್ಠ ಮೊತ್ತದ ಮ್ಯಾಂಡೇಟ್ ನಿಜಕ್ಕೂ ಬೇಕು. ದರ ಗೊತ್ತಿರುವ ಚಂದಾಕ್ಕೆ ಅದರ ಮೂರು ಪಟ್ಟಿಗಿಂತ ಹೆಚ್ಚು ಗರಿಷ್ಠ ಇಟ್ಟಿದ್ದರೆ ಅಲ್ಲೇ ನಿಂತು ಯೋಚಿಸಬೇಕು.

ಎರಡನೆಯದು ಆವರ್ತನ: `As presented`. ದಿನಕ್ಕೊಮ್ಮೆ, ವಾರಕ್ಕೊಮ್ಮೆ, ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಎಂಬ ಆಯ್ಕೆಗಳ ಜೊತೆಗೆ ಇದೂ ಒಂದಿದೆ. ವ್ಯಾಪಾರಿ ಯಾವಾಗ ಕೇಳಿದರೆ ಆಗ ಎಂಬುದೇ ಇದರ ಅರ್ಥ. ತಿಂಗಳ ಮ್ಯಾಂಡೇಟ್ ಆಗಿದ್ದರೆ ಒಂದೇ ತಿಂಗಳಲ್ಲಿ ಎರಡನೆಯ ಕಡಿತ ವ್ಯವಸ್ಥೆಯಲ್ಲೇ ತಡೆದುಹೋಗುತ್ತದೆ. ಇದರಲ್ಲಿ ಆ ತಡೆಯಿಲ್ಲ. 24 ಗಂಟೆ ಮೊದಲು ತಿಳಿಸಿದರೆ ಸಾಕು.

ಮೂರನೆಯದು ಅವಧಿ, 2035ರವರೆಗೆ. ನಾಲ್ಕನೆಯದು ಹಣ ಪಡೆಯುವವರ ಹೆಸರು. ಅದು ಆ್ಯಪಿನ ಹೆಸರಾಗಿರಲಿಲ್ಲ, ಆ್ಯಪ್ ನಡೆಸುವ ಕಂಪನಿಯ ನೋಂದಾಯಿತ ಹೆಸರಾಗಿತ್ತು. ಪಾಸ್‌ಬುಕ್ಕಿನಲ್ಲೂ ಅದೇ ಹೆಸರು ಬಂತು. ಧಾರಾವಾಹಿಗೂ ಆ ಹೆಸರಿಗೂ ಸಂಬಂಧವಿದೆ ಎಂದು ಯಾರಿಗೂ ಹೊಳೆಯುವಂತಿರಲಿಲ್ಲ.

ಸಮಸ್ಯೆ ಕಂಡದ್ದು, ಮೊದಲ ಪ್ರಯತ್ನಗಳು

ಧಾರಾವಾಹಿ ಹಿಡಿಸಲಿಲ್ಲ. ಜನವರಿ 8ರಂದು, ಮೂರು ದಿನ ಮುಗಿಯುವ ಮೊದಲೇ, ಆ್ಯಪನ್ನು ಫೋನಿನಿಂದ ತೆಗೆದರು. ‘ಆ್ಯಪೇ ಇಲ್ಲದ ಮೇಲೆ ದುಡ್ಡು ಎಲ್ಲಿಂದ ಹೋಗುತ್ತೆ’ ಎಂಬುದು ಅವರ ನಂಬಿಕೆ. ಜನವರಿ 9ರಂದು ₹299 ಕಟ್ ಆಯಿತು, ಫೆಬ್ರವರಿ 9ರಂದು ಮತ್ತೆ ₹299. ಗಮನಕ್ಕೆ ಬಂದದ್ದು ಫೆಬ್ರವರಿ ಕೊನೆಯಲ್ಲಿ, ಪಾಸ್‌ಬುಕ್ ಎಂಟ್ರಿ ಹಾಕಿಸಿದಾಗ.

ಆ್ಯಪ್ ತೆಗೆದರೂ ಕಡಿತ ನಿಲ್ಲದಿರಲು ಕಾರಣ ಸರಳ. ಮ್ಯಾಂಡೇಟ್ ಧಾರಾವಾಹಿಯ ಆ್ಯಪಿನೊಳಗೆ ಇರುವುದಿಲ್ಲ. ಅದು ದಾಖಲಾಗಿರುವುದು ಯುಪಿಐ ವ್ಯವಸ್ಥೆಯಲ್ಲಿ, ಗ್ರಾಹಕರ ಯುಪಿಐ ಐಡಿ ಮತ್ತು ಬ್ಯಾಂಕ್ ಖಾತೆಯ ಹೆಸರಿನಲ್ಲಿ. ವ್ಯಾಪಾರಿಯ ಸರ್ವರ್ ಮ್ಯಾಂಡೇಟ್ ಸಂಖ್ಯೆ ಹಿಡಿದು ಹಣ ಕೇಳುತ್ತದೆ, ಬ್ಯಾಂಕ್ ಒಪ್ಪಿಗೆ ಇದೆಯೇ ನೋಡಿ ಕೊಡುತ್ತದೆ. ಈ ಹಾದಿಯಲ್ಲಿ ಗ್ರಾಹಕರ ಫೋನಿಗೆ ಯಾವ ಪಾತ್ರವೂ ಇಲ್ಲ. ಫೋನ್ ಸ್ವಿಚ್ ಆಫ್ ಆಗಿದ್ದರೂ ಕಡಿತ ನಡೆಯುತ್ತದೆ.

ಬ್ಯಾಂಕಿಗೆ ಹೋದರು. ಕೌಂಟರಿನಲ್ಲಿದ್ದವರು ವಿವರ ನೋಡಿ, “ಮೇಡಂ, ಇದು ಫ್ರಾಡ್ ಅಲ್ಲ, ನೀವೇ ಪಿನ್ ಹಾಕಿದ್ದೀರಿ. ಬೇಕಾದರೆ ಕಾರ್ಡ್ ಬ್ಲಾಕ್ ಮಾಡಿಸಿ” ಎಂದರು. ಮೊದಲ ಮಾತು ಸರಿ. ಎರಡನೆಯದು ಈ ಪ್ರಕರಣಕ್ಕೆ ಹೊಂದುವ ಸಲಹೆಯಲ್ಲ. ಮ್ಯಾಂಡೇಟ್ ಡೆಬಿಟ್ ಕಾರ್ಡಿನ ಮೇಲೆ ಇದ್ದಿದ್ದರೆ ಕಾರ್ಡ್ ಮುಚ್ಚಿದಾಗ ಕಡಿತವೂ ವಿಫಲವಾಗುತ್ತಿತ್ತು. ಯುಪಿಐ ಮ್ಯಾಂಡೇಟ್ ಖಾತೆಯ ಮೇಲೆ ನಿಂತಿರುತ್ತದೆ. ಗ್ರಾಹಕಿ ಕಾರ್ಡ್ ಬದಲಾಯಿಸಿಕೊಂಡು ಬಂದರು, ಮ್ಯಾಂಡೇಟ್ ಇದ್ದ ಹಾಗೇ ಇತ್ತು.

ಮುಂದಿನ ಉಪಾಯ ಅವರದೇ. ಮಾರ್ಚ್ 9ರ ಹೊತ್ತಿಗೆ ಖಾತೆಯಲ್ಲಿ ನೂರಿನ್ನೂರು ರೂಪಾಯಿ ಬಿಟ್ಟು ಉಳಿದದ್ದನ್ನು ತೆಗೆದರು. ಅಂದಿನ ಕಡಿತ ಹಣ ಸಾಲದೆ ವಿಫಲವಾಯಿತು, ಅವರಿಗೆ ಗೆದ್ದಂತೆ ಅನಿಸಿತು. ಮೂರು ದಿನ ಬಿಟ್ಟು ಮದುವೆ ಬ್ಲೌಸುಗಳ ₹4,200 ಖಾತೆಗೆ ಬಂತು, ಅದೇ ದಿನ ₹299 ಹೋಯಿತು. ಆವರ್ತನ ತಿಂಗಳಿಗೊಮ್ಮೆ ಎಂದಿರಲಿಲ್ಲವಲ್ಲ. ವ್ಯಾಪಾರಿ ಹೊಸದಾಗಿ ತಿಳಿಸಿ ಮತ್ತೊಂದು ದಿನ ಕೇಳಲು ಏನೂ ಅಡ್ಡಿಯಿರಲಿಲ್ಲ. ಖಾತೆ ಬರಿದು ಮಾಡಿದರೆ ಒಂದು ಕಡಿತ ತಪ್ಪುತ್ತದೆ, ಒಪ್ಪಿಗೆ ರದ್ದಾಗುವುದಿಲ್ಲ.

ಸಿಗದೇ ಹೋದ ಮ್ಯಾಂಡೇಟ್

ಮಾರ್ಚ್‌ನಲ್ಲಿ ಪಕ್ಕದ ಮನೆಯ ಕಾಲೇಜು ಹುಡುಗಿ ಸರಿಯಾದ ದಾರಿಯನ್ನೇ ತೋರಿಸಿದಳು: “ಆಂಟಿ, ಯುಪಿಐ ಆ್ಯಪಲ್ಲಿ ಆಟೋಪೇ ಅಂತ ಇರುತ್ತೆ, ಅಲ್ಲಿ ಕ್ಯಾನ್ಸಲ್ ಮಾಡಿ.” ಇಬ್ಬರೂ ಪ್ರೊಫೈಲ್ ಒತ್ತಿ ಆಟೋಪೇ ಪುಟ ತೆರೆದರು. ಪಟ್ಟಿ ಖಾಲಿ. ಒಂದೇ ಒಂದು ಮ್ಯಾಂಡೇಟೂ ಇರಲಿಲ್ಲ.

ಇಲ್ಲೇ ಪ್ರಕರಣ ಒಂದು ತಿಂಗಳು ನಿಂತುಹೋಯಿತು. ಹಣ ಹೋಗುತ್ತಿದೆ, ಮ್ಯಾಂಡೇಟ್ ಕಾಣುತ್ತಿಲ್ಲ. ಹಾಗಾದರೆ ಯಾರೋ ಖಾತೆಯನ್ನೇ ಹ್ಯಾಕ್ ಮಾಡಿದ್ದಾರೆ ಎಂಬ ಭಯ ಶುರುವಾಯಿತು. ನಿಜ ಸಂಗತಿ ಏನೆಂದರೆ, ಫೆಬ್ರವರಿ ಮೊದಲ ವಾರದಲ್ಲಿ ಹಳೆಯ ಫೋನ್ ಕೆಟ್ಟು ಹೊಸದು ತೆಗೆದುಕೊಂಡಿದ್ದರು. ಅಂಗಡಿಯವರು ಹೊಸ ಫೋನಿಗೆ ಬೇರೊಂದು ಯುಪಿಐ ಆ್ಯಪ್ ಹಾಕಿಕೊಟ್ಟಿದ್ದರು. ಖಾತೆ ಅದೇ, ಮೊಬೈಲ್ ಸಂಖ್ಯೆ ಅದೇ, ಪಿನ್ ಕೂಡ ಅದೇ. ಆದರೆ ಯುಪಿಐ ಐಡಿ ಬೇರೆ. ಹಳೆಯ ಆ್ಯಪಿನ ಐಡಿಯ ಮೇಲೆ ಮಾಡಿದ ಮ್ಯಾಂಡೇಟನ್ನು ಹೊಸ ಆ್ಯಪ್ ತೋರಿಸುತ್ತಿರಲಿಲ್ಲ. ಕಡಿತದ ಮುನ್ಸೂಚನೆಗಳೂ ಹಳೆಯ ಆ್ಯಪಿನ ಕಡೆಗೇ ಹೋಗುತ್ತಿದ್ದವು, ಅದು ಈಗ ಫೋನಿನಲ್ಲಿ ಇರಲಿಲ್ಲ. ಬ್ಯಾಂಕಿನಿಂದ ಎಸ್‌ಎಂಎಸ್ ಕೂಡ ಬರುತ್ತಿತ್ತು, ಆದರೆ ಇಂಗ್ಲಿಷಿನಲ್ಲಿ, ಸಾಲದ ಆಫರುಗಳ ರಾಶಿಯ ನಡುವೆ.

ತಿರುವು

ಏಪ್ರಿಲ್ 9ರ ಬೆಳಗ್ಗೆ ಬಂದ ಎಸ್‌ಎಂಎಸ್ಸನ್ನು ಊರಿಗೆ ಬಂದಿದ್ದ ಅಕ್ಕನ ಮಗ ಓದಿದ. “ಚಿಕ್ಕಮ್ಮ, ನಾಳೆ ₹749 ಹೋಗುತ್ತೆ ಅಂತಿದೆ, ಏನಿದು?” ತಿಂಗಳಿಗೆ ₹299 ಎನ್ನುತ್ತಿದ್ದ ಆ್ಯಪ್ ಅವರನ್ನು ಮೂರು ತಿಂಗಳ ಯೋಜನೆಗೆ ಬದಲಾಯಿಸಿತ್ತು. ₹749 ಎಂಬುದು ₹999ರ ಒಳಗಿದ್ದುದರಿಂದ ಹೊಸ ಪಿನ್ ಬೇಕಿರಲಿಲ್ಲ.

ನಿಯಮದ ಪ್ರಕಾರ ಮುನ್ಸೂಚನೆಯಲ್ಲಿ ವ್ಯಾಪಾರಿಯ ಹೆಸರು, ಮೊತ್ತ, ಕಡಿತದ ದಿನ ಮತ್ತು ಸಮಯ, ಮ್ಯಾಂಡೇಟಿನ ಉಲ್ಲೇಖ ಸಂಖ್ಯೆ, ಕಡಿತಕ್ಕೆ ಕಾರಣ ಇರಬೇಕು. ಇದರಲ್ಲಿ ಕೆಲಸಕ್ಕೆ ಬಂದದ್ದು ಉಲ್ಲೇಖ ಸಂಖ್ಯೆ. ಯುಪಿಐ ಮ್ಯಾಂಡೇಟ್ ಸಂಖ್ಯೆಗೆ `UMN` ಎನ್ನುತ್ತಾರೆ. ಅಕ್ಷರ, ಅಂಕಿ ಬೆರೆತ 32 ಚಿಹ್ನೆಗಳು, ಆಮೇಲೆ `@`, ಅದರ ಮುಂದೆ ಒಂದು ಚಿಕ್ಕ ಪದ. ಜನ ಉದ್ದದ ಸಂಖ್ಯೆ ನೋಡಿ ಮುಂದೆ ಓದುವುದೇ ಇಲ್ಲ, ಬೇಕಾದ ಮಾಹಿತಿ ಇರುವುದು ಕೊನೆಯ ಆ ಪದದಲ್ಲಿ. ಮ್ಯಾಂಡೇಟ್ ಯಾವ ಯುಪಿಐ ಆ್ಯಪಿನ ಐಡಿಯಿಂದ ಹುಟ್ಟಿದೆ ಎಂದು ಅದು ಹೇಳುತ್ತದೆ. `@ybl` ಎಂದಿದ್ದರೆ ಫೋನ್‌ಪೇ ಐಡಿ, `@oksbi` ಅಥವಾ `@okaxis` ಎಂದಿದ್ದರೆ ಗೂಗಲ್ ಪೇ ಐಡಿ. ಹುಡುಗ ಆ ಪದವನ್ನು ಚಿಕ್ಕಮ್ಮನ ಈಗಿನ ಯುಪಿಐ ಐಡಿಯ ಜೊತೆ ಹೋಲಿಸಿದ. ಎರಡೂ ಬೇರೆ ಬೇರೆ. ಹಳೆಯ ಫೋನಿನಲ್ಲಿ ಯಾವ ಆ್ಯಪ್ ಇತ್ತು ಎಂದು ಕೇಳಿದ್ದೇ ಗಂಟು ಬಿಚ್ಚಿಕೊಂಡಿತು.

ಆಮೇಲಿನ ಕೆಲಸ ಹದಿನೈದು ನಿಮಿಷದ್ದು. ಹಳೆಯ ಯುಪಿಐ ಆ್ಯಪನ್ನು ಹೊಸ ಫೋನಿಗೆ ಇಳಿಸಿಕೊಂಡು, ಬ್ಯಾಂಕಿನಲ್ಲಿ ನೋಂದಾಯಿಸಿದ ಅದೇ ಸಿಮ್‌ನಿಂದ ಸಂಖ್ಯೆ ದೃಢಪಡಿಸಿದರು. ಹಳೆಯ ಐಡಿ, ಹಳೆಯ ಖಾತೆ ವಾಪಸು ಬಂದವು, ಆಟೋಪೇ ಪುಟದಲ್ಲಿ ಮ್ಯಾಂಡೇಟ್ ಕಾಣಿಸಿತು. ಸಂಖ್ಯೆಯ ಕೊನೆಯ ಕೆಲವು ಅಕ್ಷರಗಳನ್ನು ಎಸ್‌ಎಂಎಸ್ ಜೊತೆ ತಾಳೆ ನೋಡಿ, ರದ್ದು ಒತ್ತಿ, ಯುಪಿಐ ಪಿನ್ ಹಾಕಿದರು.

ಪಿನ್ ಹಾಕುವ ಹೊತ್ತಿಗೆ ಗ್ರಾಹಕಿ ಹಿಂಜರಿದರು. ಪಿನ್ ಹಾಕಿದ್ದಕ್ಕೇ ಇಷ್ಟೆಲ್ಲ ಆಗಿದ್ದು, ಮತ್ತೆ ಹಾಕಿದರೆ ಇನ್ನೇನು ಹೋಗುತ್ತದೋ ಎಂಬ ಅವರ ಅಂಜಿಕೆ ಸಹಜವಾದದ್ದೇ. ಆದರೆ ಒಪ್ಪಿಗೆ ಕೊಡಲು ಬೇಕಾದಂತೆ ಅದನ್ನು ಹಿಂಪಡೆಯಲೂ ದೃಢೀಕರಣ ಬೇಕು, ಬೇರೆಯವರು ರದ್ದು ಮಾಡಬಾರದು ಎಂಬುದೇ ಅದರ ಉದ್ದೇಶ. ಆ ಕ್ಷಣ ನೋಡಬೇಕಾದದ್ದು ಒಂದೇ: ಪಿನ್ ಕೇಳುತ್ತಿರುವುದು ತಾವೇ ತೆರೆದ ಯುಪಿಐ ಆ್ಯಪಿನ ರದ್ದತಿ ಪುಟದಲ್ಲೋ, ಅಥವಾ ಯಾರೋ ಫೋನ್ ಮಾಡಿ ಕಳಿಸಿದ ಲಿಂಕ್‌ನಲ್ಲೋ. ‘ನಿಮ್ಮ ಆಟೋಪೇ ನಾವು ನಿಲ್ಲಿಸಿಕೊಡುತ್ತೇವೆ’ ಎಂದು ಕರೆ ಮಾಡುವವರು ಯಾರೇ ಆಗಲಿ, ಅವರನ್ನು ನಂಬಬಾರದು.

ಕೆಲವೇ ಕ್ಷಣಗಳಲ್ಲಿ ರದ್ದತಿಯ ಎಸ್‌ಎಂಎಸ್ ಬಂತು. ಮರುದಿನ ₹749 ಹೋಗಲಿಲ್ಲ. 24 ಗಂಟೆಯ ಮುನ್ಸೂಚನೆ ಇರುವುದೇ ಇಂಥ ದಿನಕ್ಕಾಗಿ.

ಹೋದ ಹಣ

ಅಷ್ಟರಲ್ಲಿ ₹1 ಮತ್ತು ಮೂರು ಸಲ ₹299, ಒಟ್ಟು ₹898 ಹೋಗಿತ್ತು. ಬ್ಯಾಂಕಿನ ಮೇಲೆ ದೂರು ಕೊಡುವುದೋ, ಕಂಪನಿಯ ಮೇಲೋ ಎಂಬುದು ಮುಂದಿನ ತೀರ್ಮಾನ. ಬ್ಯಾಂಕ್ ತನ್ನ ಕೆಲಸ ಮಾಡಿತ್ತು. ನೋಂದಣಿಗೆ ಪಿನ್ ಇದೆ, ಎಸ್‌ಎಂಎಸ್ ಪೆಟ್ಟಿಗೆಯಲ್ಲಿ ಪ್ರತಿ ಕಡಿತಕ್ಕೂ ಹಿಂದಿನ ದಿನದ ಮುನ್ಸೂಚನೆ ಸಿಕ್ಕಿತು, ಮೊತ್ತ ಮಿತಿಯೊಳಗಿದೆ. ಮುನ್ಸೂಚನೆ ಬಾರದೆಯೇ ಹಣ ಹೋಗಿದ್ದರೆ ಅಥವಾ ರದ್ದು ಮಾಡಿದ ಮೇಲೂ ಕಡಿತ ನಡೆದಿದ್ದರೆ ಮಾತು ಬೇರೆಯಾಗುತ್ತಿತ್ತು. ಆಗ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು, 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿಕರವಾಗಿರದಿದ್ದರೆ `cms.rbi.org.in` ಮೂಲಕ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿಗೆ ಹೋಗಬಹುದಿತ್ತು.

ಹಾಗಾಗಿ ಕಂಪನಿಯನ್ನೇ ಹಿಡಿದರು. ಆ್ಯಪ್ ಸ್ಟೋರಿನ ಪುಟದಲ್ಲಿದ್ದ ಸಂಪರ್ಕ ವಿಳಾಸಕ್ಕೆ ಇಮೇಲ್ ಬರೆದರು. ಕೋಪದ ಮಾತು ಒಂದೂ ಇಲ್ಲದ ಆ ಪತ್ರದಲ್ಲಿ ಇದ್ದದ್ದು ಮ್ಯಾಂಡೇಟ್ ಸಂಖ್ಯೆ, ಮೂರು ಕಡಿತಗಳ ದಿನಾಂಕ, ಪಾಸ್‌ಬುಕ್ಕಿನಲ್ಲಿದ್ದ 12 ಅಂಕಿಯ ಯುಪಿಐ ವಹಿವಾಟು ಸಂಖ್ಯೆಗಳು, ಜನವರಿ 8ರ ನಂತರ ಒಂದು ಕಂತನ್ನೂ ನೋಡಿಲ್ಲ ಎಂಬ ಹೇಳಿಕೆ. ಕೊನೆಯ ಅಂಶವೇ ಮುಖ್ಯ, ಯಾರು ಯಾವಾಗ ಏನು ನೋಡಿದರು ಎಂಬ ಲೆಕ್ಕ ಕಂಪನಿಯ ಬಳಿಯೇ ಇರುತ್ತದೆ. ಹತ್ತು ದಿನ ಉತ್ತರವಿಲ್ಲ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದರು. ಚಂದಾ ಸೇರುವುದು ಸುಲಭ, ಬಿಡುವುದು ಕಷ್ಟ ಎಂಬಂತೆ ಪರದೆಗಳನ್ನು ಜೋಡಿಸುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2023ರ ಮಾರ್ಗಸೂಚಿ ‘ಚಂದಾ ಬಲೆ’ ಎಂದು ಗುರುತಿಸಿ ನಿಷೇಧಿಸಿದೆ. ದೂರಿನಲ್ಲಿ ಆ ಮಾತನ್ನೂ ಸೇರಿಸಿದರು.

ಮೂರು ವಾರದಲ್ಲಿ ಫೆಬ್ರವರಿ ಮತ್ತು ಮಾರ್ಚ್‌ನ ₹598 ವಾಪಸು ಬಂತು. ಪ್ರಯೋಗದ ಅವಧಿ ಮುಗಿಯುವ ಮೊದಲು ಚಂದಾ ರದ್ದು ಮಾಡಿರಲಿಲ್ಲ ಎಂಬ ಕಾರಣ ಕೊಟ್ಟು ಜನವರಿಯ ₹299 ಕೊಡಲಿಲ್ಲ. ಗ್ರಾಹಕಿ ಅಲ್ಲಿಗೆ ಬಿಟ್ಟರು.

ಇದರಿಂದ ಕಲಿಯುವುದು

ಬ್ಯಾಂಕ್, ಕಾರ್ಡ್, ಖಾಲಿ ಖಾತೆ ಎಂದು ಕಳೆದ ವಾರಗಳೆಲ್ಲ ಒಂದೇ ಪ್ರಶ್ನೆಗೆ ಉತ್ತರವಿಲ್ಲದೆ ಕಳೆದವು: ಈ ಒಪ್ಪಿಗೆ ಎಲ್ಲಿ ದಾಖಲಾಗಿದೆ? ಯುಪಿಐ ಮೇಲಿದ್ದರೆ, ಅದು ಹುಟ್ಟಿದ ಯುಪಿಐ ಆ್ಯಪಿನಲ್ಲಿ. ಕಾರ್ಡಿನ ಮೇಲಿದ್ದರೆ, ಕಾರ್ಡ್ ಕೊಟ್ಟ ಬ್ಯಾಂಕಿನ ಆ್ಯಪ್ ಅಥವಾ ಇ-ಮ್ಯಾಂಡೇಟ್ ಪುಟದಲ್ಲಿ. ಆ್ಯಪ್ ಸ್ಟೋರಿನ ಮೂಲಕ ಚಂದಾ ಕಟ್ಟಿದ್ದರೆ ಹಣ ಪಡೆಯುವವರ ಜಾಗದಲ್ಲಿ ಸ್ಟೋರಿನ ಹೆಸರೇ ಇರುತ್ತದೆ, ಅಲ್ಲಿನ ಸಬ್‌ಸ್ಕ್ರಿಪ್ಷನ್ ಪುಟಕ್ಕೇ ಹೋಗಬೇಕು. ಪಾಸ್‌ಬುಕ್ಕಿನ ಒಂದು ಸಾಲು, ಎಸ್‌ಎಂಎಸ್ಸಿನ ಒಂದು ಸಂಖ್ಯೆ ಇದ್ದರೆ ಮೂರರಲ್ಲಿ ಯಾವುದು ಎಂದು ಗೊತ್ತಾಗುತ್ತದೆ. ಬೇರೆ ಆ್ಯಪಿನ ಮ್ಯಾಂಡೇಟ್ ಕಾಣದ ಕೊರತೆಯನ್ನು ನೀಗಿಸಲು 2025ರ ಅಕ್ಟೋಬರ್‌ನಲ್ಲಿ ಎನ್‌ಪಿಸಿಐ, ಗ್ರಾಹಕರು ತಮ್ಮ ಎಲ್ಲ ಮ್ಯಾಂಡೇಟ್‌ಗಳನ್ನು ಯಾವುದೇ ಯುಪಿಐ ಆ್ಯಪಿನಲ್ಲಿ ನೋಡುವ ವ್ಯವಸ್ಥೆ ತರುವಂತೆ ಸೂಚಿಸಿತು. ಈ ಪ್ರಕರಣ ಅದಕ್ಕಿಂತ ಹಿಂದಿನದು. ಈಗ ಹುಡುಕುವವರು ಮೊದಲು ತಮ್ಮ ಆ್ಯಪಿನಲ್ಲಿ ಆ ಪುಟ ಇದೆಯೇ ನೋಡಬೇಕು, ಸಿಗದಿದ್ದರೆ `@` ನಂತರದ ಪದ ಹಿಡಿದು ಹೋಗಬೇಕು.

ಮೊಬೈಲ್ ಸಂಖ್ಯೆ ಬದಲಾಗಿದ್ದರೆ ಈ ದಾರಿ ಇಷ್ಟು ಸುಲಭವಾಗಿರುತ್ತಿರಲಿಲ್ಲ. ಹಳೆಯ ಐಡಿ ವಾಪಸು ಬಂದದ್ದು ಸಂಖ್ಯೆ ಅದೇ ಇದ್ದುದರಿಂದ. ಫೋನ್ ಅಥವಾ ಸಂಖ್ಯೆ ಬದಲಿಸುವ ಮೊದಲು ಆಟೋಪೇ ಪುಟವನ್ನು ಒಮ್ಮೆ ತೆರೆದು ನೋಡುವುದು ಐದು ನಿಮಿಷದ ಕೆಲಸ.

ಇನ್ನೊಂದು ಸಂಗತಿ ದಾಖಲಾಗಬೇಕು. ಹಳೆಯ ಆ್ಯಪಿನ ಪಟ್ಟಿ ತೆರೆದಾಗ ಅಲ್ಲಿ ಒಂದಲ್ಲ, ಮೂರು ಮ್ಯಾಂಡೇಟ್‌ಗಳಿದ್ದವು. ಬೇಸತ್ತಿದ್ದ ಗ್ರಾಹಕಿ, “ಎಲ್ಲಾ ತೆಗೆದುಹಾಕು ಮಾರಾಯ” ಎಂದರು. ಹುಡುಗ ಒಂದೊಂದನ್ನೇ ತೆರೆದ. ಎರಡನೆಯದು ಅವರದೇ ವಿಮಾ ಪಾಲಿಸಿಯ ಕಂತು, ಮೊತ್ತ ನಿಗದಿತ, ವರ್ಷಕ್ಕೊಮ್ಮೆ, ಮುಂದಿನ ಕಡಿತ ಜೂನ್‌ನಲ್ಲಿ. ಅದನ್ನು ತೆಗೆದಿದ್ದರೆ ಕಂತು ತಪ್ಪಿ, ರಿಯಾಯಿತಿ ದಿನಗಳೂ ಕಳೆದ ಮೇಲೆ ಪಾಲಿಸಿಯೇ ನಿಂತುಹೋಗುತ್ತಿತ್ತು, ಅದು ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತಿತ್ತು. ಅದನ್ನು ಹಾಗೇ ಬಿಟ್ಟರು. ಮೂರನೆಯದು ಮಗಳು ಹಿಂದೆ ಕೇಳುತ್ತಿದ್ದ ಹಾಡಿನ ಆ್ಯಪಿನದು, ತಿಂಗಳಿಗೆ ₹99. ಮಗಳಿಗೆ ಫೋನ್ ಮಾಡಿ ಕೇಳುವವರೆಗೆ ಅದನ್ನು ತಡೆಹಿಡಿದರು. ಯುಪಿಐ ಆಟೋಪೇಯಲ್ಲಿ ರದ್ದು ಮಾಡದೆ ಒಂದಷ್ಟು ದಿನ ತಡೆಹಿಡಿಯುವ ಆಯ್ಕೆಯೂ ಇದೆ. ಸಂಜೆ ಮಗಳು ಬೇಡ ಎಂದಳು, ಆ ಮ್ಯಾಂಡೇಟೂ ಹೋಯಿತು.